ಕ್ಯಾಲ್ಕುಲೇಟರ್ ಹೇಳದ ದಿನಾಂಕ

ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದಾಗ ನಾನು ಪಿಯುಸಿಯಲ್ಲಿದ್ದೆ. ಅಪ್ಪನ ಸಂಬಳ ನಿಂತಿತು, ಅದರ ಹಿಂದೆಯೇ ನನ್ನ ಓದೂ ನಿಂತಿತು. ಮಗಳಿಗೆ ಹೀಗಾಗಬಾರದೆಂದು ಅವಳು ಎಂಟನೇ ತರಗತಿಗೆ ಬಂದಾಗಲೇ ಕಾಲೇಜಿನ ಹಣ ಕೂಡಿಡಲು ಶುರುಮಾಡಿದೆ. ಅದರಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಕೂತು ಮೊಬೈಲಿನ ಆರ್‌ಡಿ ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿದ್ದೆ. ತಿಂಗಳಿಗೆ 5,000 ರೂಪಾಯಿ, ಪ್ರತಿ ವರ್ಷ ಶೇ 10 ಏರಿಕೆ, ಬಡ್ಡಿ ಶೇ 5.8, ಅವಧಿ 5 ವರ್ಷ. ಕೊನೆಗೆ ಸುಮಾರು 4,20,000 ರೂಪಾಯಿ ಎಂದು ತೋರಿಸಿತು. 2020ರ ಜೂನ್‌ನಲ್ಲಿ ಅಂಚೆ ಕಚೇರಿಯಲ್ಲಿ ಖಾತೆ ತೆರೆದೆ.

ಆರ್‌ಡಿಯ ಕಂತು ಮಧ್ಯದಲ್ಲಿ ಏರುವುದಿಲ್ಲ ಎಂಬುದು ಮರುವರ್ಷ ತಿಳಿಯಿತು. ಏರಿಕೆಯ 500 ರೂಪಾಯಿ ಕಟ್ಟಬೇಕಾದರೆ ಇನ್ನೊಂದು ಖಾತೆಯನ್ನೇ ತೆರೆಯಬೇಕು. ಹಾಗೆ ಪ್ರತಿ ಜೂನ್‌ನಲ್ಲೂ ಅಂಚೆ ಕಚೇರಿಯಲ್ಲೇ ಒಂದೊಂದು ತೆರೆಯುತ್ತ ಹೋದೆ. ಆದರೆ ಅಂಚೆ ಆರ್‌ಡಿಗೆ ಇರುವುದು ಒಂದೇ ಅವಧಿ, 5 ವರ್ಷ. 2021ರ ಖಾತೆ 2026ಕ್ಕೆ, 2024ರದು 2029ಕ್ಕೆ ಮುಗಿಯುತ್ತವೆ. ನನಗೆ ಹಣ ಬೇಕಿದ್ದದ್ದು 2025ರಲ್ಲಿ.

ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕ ಹೊತ್ತಿಗೆ ಮೊದಲ ಖಾತೆಯಿಂದ ಸುಮಾರು 3,48,500 ರೂಪಾಯಿ ಬಂತು. 3 ವರ್ಷ ತುಂಬಿದ್ದ ಎರಡು ಖಾತೆಗಳನ್ನು ಅವಧಿಗೆ ಮೊದಲೇ ಮುಚ್ಚಿದಾಗ ಉಳಿತಾಯ ಖಾತೆಯ ಶೇ 4ರ ಬಡ್ಡಿ ಮಾತ್ರ ಸಿಕ್ಕಿ, ಕೈಗೆ ಬಂದದ್ದು ಸುಮಾರು 47,000. 2023 ಮತ್ತು 2024ರ ಖಾತೆಗಳಿಗೆ 3 ವರ್ಷ ತುಂಬಿರಲಿಲ್ಲ, ಹಾಗಾಗಿ ಅವುಗಳನ್ನು ಮುಚ್ಚುವಂತೆಯೇ ಇರಲಿಲ್ಲ. ಲೆಕ್ಕ ಹಾಕಿದ್ದಕ್ಕಿಂತ ಸುಮಾರು 25,000 ರೂಪಾಯಿ ಕಡಿಮೆ ಬಿತ್ತು. ಹೆಂಡತಿಯ ಬಳೆ ಅಡವಿಟ್ಟು ಶುಲ್ಕ ಕಟ್ಟಿದೆವು.

ಮಗನಿಗೆ 2030ರಲ್ಲಿ ಹಣ ಬೇಕು. ಈ ಸಲ ಲೆಕ್ಕವನ್ನು ಕೊನೆಯಿಂದ ಶುರುಮಾಡಿದೆ. ಇಂದು 3 ಲಕ್ಷ ಆಗುವ ಖರ್ಚು ವರ್ಷಕ್ಕೆ ಶೇ 8ರಂತೆ ಏರಿದರೆ 5 ವರ್ಷಕ್ಕೆ ಸುಮಾರು 4,41,000 ಆಗುತ್ತದೆ. ಏರಿಕೆಯಿಲ್ಲದೆ ಒಂದೇ ಕಂತು ಕಟ್ಟುವುದಾದರೆ, ಅಂಚೆಯ ಶೇ 6.7ರ ಬಡ್ಡಿಗೆ ತಿಂಗಳಿಗೆ ಸುಮಾರು 6,180 ಬೇಕು. ಅಷ್ಟು ಈಗ ನನ್ನಿಂದಾಗದು. ಹಾಗಾಗಿ 5,150ರ ಒಂದು ಅಂಚೆ ಆರ್‌ಡಿ ತೆರೆದೆ. ಅಂಚೆಯಲ್ಲಿ ಬಡ್ಡಿ ಸೇರುವುದು ಮೂರು ತಿಂಗಳಿಗೊಮ್ಮೆ. ಆದ್ದರಿಂದ ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಬರೆಯಬೇಕು:

```
=FV((1+6.7%/4)^(1/3)-1,60,-5150,0,1)
```

ಉತ್ತರ ಸುಮಾರು 3,67,500. ಉಳಿದದ್ದು ಏರಿಕೆಯಿಂದ ಬರಬೇಕು. ಬ್ಯಾಂಕಿನಲ್ಲಿ ಅವಧಿಯನ್ನು ನಾವೇ ಆರಿಸಬಹುದು. ಎರಡನೇ ವರ್ಷ 500 ರೂಪಾಯಿಯ 4 ವರ್ಷದ ಆರ್‌ಡಿ, ಮೂರನೇ ವರ್ಷ 600ರ 3 ವರ್ಷದ್ದು, ನಾಲ್ಕನೇ ವರ್ಷ 600ರ 2 ವರ್ಷದ್ದು, ಕೊನೆಯ ವರ್ಷ 700ರ ಒಂದು ವರ್ಷದ್ದು. ಐದೂ ಒಂದೇ ಜೂನ್‌ನಲ್ಲಿ ಮುಗಿಯುತ್ತವೆ. ಆರ್‌ಡಿಗೆ ಖಾತೆ ತೆರೆದ ದಿನದ ಬಡ್ಡಿಯೇ ಕೊನೆಯವರೆಗೆ. ಮುಂದೆ ತೆರೆಯುವ ಖಾತೆಗಳಿಗೆ ಎಷ್ಟಿರುತ್ತದೋ ಗೊತ್ತಿಲ್ಲದ್ದರಿಂದ ಅವಕ್ಕೆ ಶೇ 6 ಮಾತ್ರ ಹಿಡಿದೆ. ನಾಲ್ಕರಿಂದ ಸುಮಾರು 75,000, ಒಟ್ಟು ಸುಮಾರು 4,42,000. ಕೊನೆಯ ವರ್ಷ ತಿಂಗಳಿಗೆ 7,550 ಕಟ್ಟಬೇಕಾಗುತ್ತದೆ. ಸಂಬಳ ಅಷ್ಟು ಏರದಿದ್ದರೆ ಈ ಯೋಜನೆ ನಿಲ್ಲದು, ಅದನ್ನು ಮೊದಲೇ ಯೋಚಿಸಬೇಕು.

ಇನ್ನೊಂದು ತಪ್ಪನ್ನೂ ತಿದ್ದಿಕೊಂಡೆ. ಮೊದಲು ಜೂನ್ ಬಂತೆಂದರೆ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರಕ್ಕೆ ಹಣ ಹೋಗಿ ಆರ್‌ಡಿ ಕಂತು ತಪ್ಪುತ್ತಿತ್ತು. ಅಂಚೆಯಲ್ಲಿ ತಪ್ಪಿದ ಕಂತಿಗೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ದಂಡ. ಪ್ರತಿ ವರ್ಷ ತಪ್ಪದೆ ಬರುವ ಖರ್ಚಿಗೆ ಬೇರೆಯೇ ಹಣ ತೆಗೆದಿಡುವುದನ್ನು ಸಿಂಕಿಂಗ್ ಫಂಡ್ ಎನ್ನುತ್ತಾರೆ. ನಮ್ಮ ಜೂನ್ ಖರ್ಚು 24,000. ಅದನ್ನು ಹನ್ನೆರಡು ಭಾಗ ಮಾಡಿ, ತಿಂಗಳಿಗೆ 2,000ದಂತೆ ಒಂದು ವರ್ಷದ ಬ್ಯಾಂಕ್ ಆರ್‌ಡಿಗೆ ಹಾಕುತ್ತೇನೆ. ಜೂನ್‌ನಲ್ಲಿ ಅದು ಕೈಗೆ ಬರುತ್ತದೆ, ಕಾಲೇಜಿನ ಕಂತು ತಪ್ಪುವುದಿಲ್ಲ.

ಈಗ ಪ್ರತಿ ಜೂನ್‌ನಲ್ಲಿ ಕಾಲೇಜಿನ ಆ ವರ್ಷದ ಶುಲ್ಕ ಕೇಳಿ ತಿಳಿದು, ಲೆಕ್ಕವನ್ನು ಹೊಸದಾಗಿ ಮಾಡುತ್ತೇನೆ. ನೀವೂ ಏರಿಕೆಯ ಆರ್‌ಡಿ ಯೋಚಿಸುತ್ತಿದ್ದರೆ ಕೊನೆಯ ಮೊತ್ತಕ್ಕಿಂತ ಮೊದಲು ಒಂದು ಹಾಳೆಯಲ್ಲಿ ಪ್ರತಿ ಖಾತೆ ಮುಗಿಯುವ ದಿನಾಂಕ ಬರೆಯಿರಿ. ಶುಲ್ಕ ಕಟ್ಟುವ ದಿನಕ್ಕಿಂತ ಆಚೆ ಬೀಳುವ ಖಾತೆಯನ್ನು ತೆರೆಯಬೇಡಿ.