ಹಳೆ ಪೇಪರ್ ಜೂನ್‌ನಲ್ಲೇ ತೆಗೆಯಿರಿ

ಪ್ರಶ್ನೆ: ಪಿಯು ವಿಜ್ಞಾನ ಮುಗಿಸಿ ಈಗ ಬಿ.ಎಸ್ಸಿ. ಓದುತ್ತಿದ್ದೇನೆ. ಹಳೆ ಪ್ರಶ್ನೆಪತ್ರಿಕೆಗಳನ್ನು ಬಳಸುವ ಬಗ್ಗೆ ಜೂನಿಯರ್‌ಗಳ ಮುಂದೆ ಐದು ನಿಮಿಷ ಮಾತಾಡು ಎಂದು ನಮ್ಮ ಹಳೆ ಕಾಲೇಜಿನ ಮೇಷ್ಟ್ರು ಕರೆದಿದ್ದಾರೆ. ನನ್ನ ಮಾತು ಕೇಳಿ ಅವರು ಪಠ್ಯ ಬಿಟ್ಟು ರಿಪೀಟ್ ಆಗುವ ಪ್ರಶ್ನೆಗಳನ್ನಷ್ಟೇ ಉರು ಹೊಡೆದರೆ ಎಂಬ ಅಳುಕು. ಏನು ಹೇಳಲಿ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಅಳುಕು ಸಕಾರಣವೇ. ಐದು ನಿಮಿಷದಲ್ಲಿ ಎಲ್ಲ ವಿಷಯ ಮುಟ್ಟಲು ಹೋಗಬೇಡಿ, ಭೌತಶಾಸ್ತ್ರದ ಒಂದೇ ಪಾಠ ಹಿಡಿಯಿರಿ. ಮಾತು ಹೀಗಿರಲಿ:

“ಕ್ಲಾಸಲ್ಲಿ ವಿದ್ಯುತ್ ಪ್ರವಾಹದ ಪಾಠ ಮುಗಿದ ವಾರವೇ ಮೂರ್ನಾಲ್ಕು ಹಳೆ ಪೇಪರ್ ತೆಗೆದು, ಆ ಪಾಠದ ಪ್ರಶ್ನೆಗಳನ್ನಷ್ಟೇ ಬರೆದುಕೊಳ್ಳಿ. ವೀಟ್‌ಸ್ಟೋನ್ ಬ್ರಿಡ್ಜ್ ಮತ್ತೆ ಮತ್ತೆ ಕಾಣುತ್ತೆ. ಪುಸ್ತಕ ಮುಚ್ಚಿ ಅದರ ಸೂತ್ರ ಸಾಧಿಸಿ. ಆಮೇಲೆ ಬೋರ್ಡಿನ ಸ್ಕೀಮ್ ಪಕ್ಕ ಇಟ್ಟುಕೊಂಡು ನೀವೇ ಅಂಕ ಹಾಕಿ. ಸರ್ಕ್ಯೂಟ್ ಚಿತ್ರಕ್ಕೆಷ್ಟು, ಕಿರ್ಚಾಫ್ ನಿಯಮ ಹಚ್ಚಿದ ಹಂತಕ್ಕೆಷ್ಟು ಅಂತ ಅದರಲ್ಲಿ ಬಿಡಿಬಿಡಿಯಾಗಿ ಇರುತ್ತೆ. ಉತ್ತರ ಸರಿ ಇದ್ದೂ ಅಂಕ ಎಲ್ಲಿ ಸೋರುತ್ತೆ ಅನ್ನೋದು ಅಲ್ಲೇ ಸಿಗೋದು.

ಸೂತ್ರ ಬಾಯಿಗೆ ಬಂತು ಅಂತ ಅಲ್ಲಿಗೇ ಬಿಡಬೇಡಿ. P, Q, R ಅಂದ್ರೆ 2, 3, 4 ಓಮ್, S ಎಷ್ಟಿದ್ರೆ ಬ್ರಿಡ್ಜ್ ಸಮತೋಲನ? P/Q = R/S, ಆರು ಓಮ್, ಎಲ್ಲರೂ ಹೇಳ್ತೀರಿ. ಈಗ S ಜಾಗದಲ್ಲಿ 12 ಓಮ್ ಇದೆ, ಅದನ್ನು ತೆಗೆಯೋ ಹಾಗಿಲ್ಲ, ಏನು ಮಾಡ್ತೀರಿ? ಅದಕ್ಕೆ ಸಮಾನಾಂತರವಾಗಿ ಇನ್ನೊಂದು 12 ಓಮ್ ಜೋಡಿಸಬೇಕು, ಆಗ ಎರಡೂ ಸೇರಿ ಆರು. ಇಲ್ಲಿ ತಡವರಿಸಿದವರು ಪಠ್ಯಕ್ಕೆ ವಾಪಸ್ ಹೋಗಬೇಕು, ಇನ್ನೊಂದು ಪೇಪರ್‌ಗಲ್ಲ.

ತಪ್ಪಿದ ಪ್ರಶ್ನೆಯ ಪಕ್ಕ ಕಾರಣ ಬರೆದಿಡಿ: ಗೊತ್ತಿರಲಿಲ್ವಾ, ಮರೆತಿತ್ತಾ, ಕೂಡೋದ್ರಲ್ಲಿ ಎಡವಿದ್ರಾ? ದಸರಾ ರಜೆಯಲ್ಲಿ ಅವನ್ನಷ್ಟೇ ಮತ್ತೆ ಬಿಡಿಸಿ.

ಇತ್ತೀಚಿನ ಎರಡು ಪೇಪರ್ ಮಾತ್ರ ಮುಟ್ಟಲೇಬೇಡಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರೋದರಿಂದ ಪೇಪರ್‌ಗೇನೂ ಬರ ಇಲ್ಲ. ಆ ಎರಡನ್ನು ಫೆಬ್ರವರಿಯಲ್ಲಿ ಗಡಿಯಾರ ಇಟ್ಟುಕೊಂಡು ಮೂರು ಗಂಟೆ ಒಂದೇ ಪಟ್ಟಿಗೆ ಕೂತು ಬರೆಯಿರಿ. ಮೊದಲೇ ನೋಡಿದ್ದರೆ ಆ ಅಂಕ ನಿಮ್ಮ ತಯಾರಿಯದ್ದಲ್ಲ, ನೆನಪಿನದ್ದು.”

ಒಂದು ಎಚ್ಚರಿಕೆ ನೀವು ಸೇರಿಸಲೇಬೇಕು. ಎನ್‌ಸಿಇಆರ್‌ಟಿ ಪಠ್ಯ ಇಳಿಸುವ ಮುಂಚಿನ ಪೇಪರ್‌ಗಳಲ್ಲಿ ಟ್ರಾನ್ಸಿಸ್ಟರ್, ಲಾಜಿಕ್ ಗೇಟ್ ಪ್ರಶ್ನೆಗಳಿವೆ, ಈಗಿನ ಪುಸ್ತಕದಲ್ಲಿ ಅವು ಇಲ್ಲ. ಪಾಪ, ಆ ಪ್ರಶ್ನೆಗಳ ಮೇಲೆ ರಾತ್ರಿಯೆಲ್ಲ ಗುದ್ದಾಡುವ ಮಕ್ಕಳೂ ಇದ್ದಾರೆ. ಪೇಪರ್ ಕೈಗೆತ್ತಿಕೊಳ್ಳುವ ಮೊದಲು ಪುಸ್ತಕದ ಪರಿವಿಡಿ ನೋಡಿ ಅಂಥವನ್ನು ಹೊಡೆದುಹಾಕಲು ಹೇಳಿ.

ಇನ್ನು, ಆ ಹನ್ನೆರಡು ಓಮ್ ಲೆಕ್ಕವನ್ನು ಬೋರ್ಡ್ ಮೇಲೆ ಬರೆದು ಒಂದು ನಿಮಿಷ ಸುಮ್ಮನೆ ನಿಂತುಬಿಡಿ, ಉತ್ತರವನ್ನು ಅವರೇ ಹೇಳಲಿ.