ಗಲ್ಲಾ ತುಂಬಿದೆ, ಲಾಭ ಎಷ್ಟು? ಸಣ್ಣ ಅಂಗಡಿಯ ತಿಂಗಳ ಲೆಕ್ಕ ಓದಲು ಏಳು ಸೂತ್ರಗಳು

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರದಂಥ ಊರಿನಲ್ಲಿ ಗಂಡ ಹೆಂಡತಿ ಸೇರಿ ನಡೆಸುವ ಒಂದು ದಿನಸಿ ಅಂಗಡಿ ಇದೆ ಎಂದುಕೊಳ್ಳಿ. ಅಂಗಡಿ ಕಲ್ಪನೆಯದು, ಲೆಕ್ಕದ ದಾರಿ ನಿಜದ್ದು. ಈ ತಿಂಗಳ ಮಾರಾಟ 3,20,000 ರೂಪಾಯಿ, ಖರೀದಿ 2,70,000. ಕಳೆದರೆ 50,000. ಬಹಳಷ್ಟು ಅಂಗಡಿಗಳಲ್ಲಿ ಲೆಕ್ಕ ಇಲ್ಲಿಗೇ ಮುಗಿಯುತ್ತದೆ. ಆ 50,000ದಲ್ಲಿ ನಿಮಗೆ ಉಳಿಯುವುದೆಷ್ಟು ಎಂದು ತಿಳಿಯಲು ಪುಸ್ತಕವನ್ನು ಹೀಗೆ ಓದಿ.

1. ತಿಂಗಳ ಕೊನೆಯ ರಾತ್ರಿ ಮಾಲು ಎಣಿಸಿ.
ಇದೊಂದನ್ನು ಬಿಟ್ಟರೆ ಉಳಿದ ಆರು ಸೂತ್ರಗಳೂ ವ್ಯರ್ಥ. ಈ ತಿಂಗಳು ಮಾರಿದ್ದೆಲ್ಲ ಈ ತಿಂಗಳೇ ಕೊಂಡ ಮಾಲಲ್ಲ. ಹೋದ ತಿಂಗಳದ್ದೂ ಅದರಲ್ಲಿ ಸೇರಿದೆ. ಒಂದನೇ ತಾರೀಖು ಅಂಗಡಿಯಲ್ಲಿದ್ದ ಮಾಲಿಗೆ ಈ ತಿಂಗಳ ಖರೀದಿ ಕೂಡಿಸಿ, ಕೊನೆಯ ದಿನ ಉಳಿದ ಮಾಲನ್ನು ಕಳೆಯಿರಿ. ಸಿಗುವುದು ಮಾರಿದ ಮಾಲಿನ ಅಸಲು. ನಮ್ಮ ಅಂಗಡಿಯಲ್ಲಿ ಮೊದಲು 2,10,000ದ ಮಾಲಿತ್ತು, ಕೊನೆಗೆ 1,96,000ದ್ದು ಉಳಿಯಿತು. ಹಾಗಾಗಿ ಅಸಲು 2,84,000. ಲಾಭ 50,000 ಅಲ್ಲ, 36,000. ಮಿಕ್ಕ 14,000 ಬಂದದ್ದು ರ‍್ಯಾಕು ಖಾಲಿಯಾದದ್ದರಿಂದ.

ಇದರ ತಿರುವುಮುರುವೂ ಆಗುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಗೆಂದು ಮುಂಚಿತವಾಗಿ ಮಾಲು ತುಂಬಿಸಿದ ತಿಂಗಳು ಖರೀದಿಯೇ ಮಾರಾಟವನ್ನು ಮೀರಬಹುದು. ಪುಸ್ತಕ ನೋಡಿದರೆ ನಷ್ಟ, ಗೋದಾಮಿಗೆ ಹೋದರೆ ಮೂಟೆಗಳು.

ಎಣಿಸುವಾಗ ಎಲ್ಲವನ್ನೂ ಕೊಂಡ ಬೆಲೆಗೇ ಹಿಡಿಯಿರಿ. ಎಂಆರ್‌ಪಿಗೆ ಹಿಡಿದರೆ ಇನ್ನೂ ಮಾರದ ಮಾಲಿನ ಲಾಭವನ್ನು ಈಗಲೇ ತಿಂದಂತೆ. ತಾರೀಖು ಮುಗಿದ ಬಿಸ್ಕತ್ತು, ಹುಳ ಬಿದ್ದ ಬೇಳೆಗೆ ಸೊನ್ನೆ ಬರೆಯಿರಿ.

2. ಮನೆಗೆ ಒಯ್ದದ್ದನ್ನು ಬರೆಯಿರಿ.
ಅಡುಗೆಗೆ ಎಣ್ಣೆ, ಸ್ನಾನಕ್ಕೆ ಸೋಪು, ನೆಂಟರು ಬಂದಾಗ ಕಾಫಿಪುಡಿ ಎಲ್ಲ ಅಂಗಡಿಯಿಂದಲೇ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಅದು ತಿಂಗಳಿಗೆ 6,500. ಇದು ಅಂಗಡಿಯ ಖರ್ಚಲ್ಲ, ನೀವು ಮುಂಗಡವಾಗಿ ತೆಗೆದುಕೊಂಡ ಲಾಭ. ಬರೆಯದೆ ಹೋದರೆ ಅದು ಮಾರಿದ ಮಾಲಿನ ಅಸಲಿನೊಳಗೆ ಸೇರಿ, ಅಂಗಡಿ ಇರುವುದಕ್ಕಿಂತ ಸೋತಂತೆ ಕಾಣುತ್ತದೆ. ಹಾಗಾಗಿ 36,000ಕ್ಕೆ ಇದನ್ನು ಕೂಡಿಸಿ: 42,500. ಮಾರಾಟದ ನೂರು ರೂಪಾಯಿಗೆ ಹದಿಮೂರು ಚಿಲ್ಲರೆ.

3. ಬಿಲ್ಲಿನಲ್ಲಿ ಇಲ್ಲದ ಖರ್ಚು ಹುಡುಕಿ.
ಬಾಡಿಗೆ 4,500, ಸಹಾಯಕ್ಕೆ ಬರುವ ಆಳಿಗೆ 7,000, ಫ್ರಿಡ್ಜ್ ಓಡುವುದರಿಂದ ಸೆಸ್ಕ್ ಬಿಲ್ಲು 2,300. ಇವು ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಬೇರೆ ಮೂರು ಬಗೆಯವನ್ನು.

ಮೊದಲನೆಯದು ಗಲ್ಲಾದಿಂದ ನೇರ ಕೊಟ್ಟುಬಿಡುವ ಹಣ. ಮೈಸೂರಿನ ಸಂತೇಪೇಟೆಯಿಂದಲೋ ಬಂಡಿಪಾಳ್ಯದಿಂದಲೋ ಮಾಲು ತಂದ ಲಗೇಜ್ ಆಟೋ, ಹಮಾಲಿ, ಕವರು, ಫೋನು ಎಲ್ಲ ಸೇರಿ 5,400. ಎರಡನೆಯದು ವರ್ಷಕ್ಕೊಮ್ಮೆ ಬರುವುದು: ಪಂಚಾಯಿತಿ ಲೈಸೆನ್ಸು, ತಕ್ಕಡಿಗೆ ಮುದ್ರೆ, ಫ್ರಿಡ್ಜು ತಕ್ಕಡಿಗಳ ಸವಕಳಿ. ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ಪ್ರತಿ ತಿಂಗಳೂ ಬರೆಯಿರಿ, ಇಲ್ಲಿ 1,000. ಮೂರನೆಯದು ಬಡ್ಡಿ. ಒಂದು ಲಕ್ಷ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡರಂತೆ 2,000. ಅಸಲಿನ ಕಂತು ಖರ್ಚಲ್ಲ, ಬಡ್ಡಿ ಮಾತ್ರ ಖರ್ಚು.

ಎಲ್ಲ ಕೂಡಿದರೆ 22,200. ಉಳಿದದ್ದು 20,300.

ಇಲಿ ತಿಂದ ಅಕ್ಕಿ, ಒಡೆದ ಮೊಟ್ಟೆಯನ್ನು ಇಲ್ಲಿ ಮತ್ತೆ ಕಳೆಯಬೇಡಿ. ಕೊನೆಯ ದಿನದ ಎಣಿಕೆಯಲ್ಲಿ ಅವು ಇರಲಿಲ್ಲವಾದ್ದರಿಂದ ಮೊದಲ ಸೂತ್ರದಲ್ಲೇ ಕಳೆದುಹೋಗಿವೆ.

4. ಸಾಲದ ಪುಸ್ತಕವನ್ನು ಹಳತು ಹೊಸತು ಎಂದು ಬೇರ್ಪಡಿಸಿ.
ಸಾಲ ಕೊಟ್ಟದ್ದೂ ಮಾರಾಟವೇ, ಆದರೆ ಎಲ್ಲವೂ ವಾಪಸ್ ಬರುವುದಿಲ್ಲ. ಫಸಲಿನ ಹಣ ಬಂದಾಗ ತೀರಿಸುವ ರೈತರ ಸಾಲ ತಡವಾದರೂ ಬರುತ್ತದೆ. ಆರು ತಿಂಗಳಿಂದ ಒಂದು ರೂಪಾಯಿಯೂ ಜಮೆ ಆಗದ, ಹೊಸದಾಗಿ ಮಾಲೂ ಒಯ್ಯದ ಹೆಸರುಗಳ ಪಕ್ಕ ಗೆರೆ ಹಾಕಿ. ಬಾರದ ಸಾಲಕ್ಕೆಂದು ಈ ತಿಂಗಳು 1,300 ತೆಗೆದಿಟ್ಟರೆ ಲಾಭ 19,000.

5. ಒಂದು ಮೂಟೆಯನ್ನು ಕೊನೆಯ ಕೆ.ಜಿ.ವರೆಗೆ ಹಿಂಬಾಲಿಸಿ.
ನಿಮ್ಮ ಬೆಲೆಪಟ್ಟಿಯ ಪ್ರಕಾರ ನೂರಕ್ಕೆ ಹದಿನೈದು ಸಿಗಬೇಕಿದ್ದು, ಹದಿಮೂರು ಚಿಲ್ಲರೆ ಬರುತ್ತಿದ್ದರೆ ತಿಂಗಳಿಗೆ 5,500 ಎಲ್ಲೋ ಸೋರುತ್ತಿದೆ. ಎಲ್ಲಿ ಎಂದು ತಿಂಗಳ ಲೆಕ್ಕ ಹೇಳುವುದಿಲ್ಲ. ಒಂದೊಂದು ಪದಾರ್ಥವನ್ನೇ ಹಿಡಿಯಬೇಕು.

ಸಕ್ಕರೆ ತೆಗೆದುಕೊಳ್ಳಿ. 50 ಕೆ.ಜಿ. ಮೂಟೆಗೆ ಬಿಲ್ಲು 2,050, ಕೆ.ಜಿ.ಗೆ 44ರಂತೆ ಮಾರಿದರೆ 2,200. ಲಾಭ 150 ಎನಿಸುತ್ತದೆ. ಆಟೋ, ಹಮಾಲಿಗೆ ಮೂಟೆಯ ಪಾಲು 40, ಕವರಿಗೆ 20. ಇನ್ನು ತೂಗಿ ತೂಗಿ ಕೊನೆಗೆ ಸಿಕ್ಕದ್ದು 49.2 ಕೆ.ಜಿ. ಮಾತ್ರ, ಪ್ರತಿ ತೂಕದಲ್ಲೂ ಐದಾರು ಹರಳು ಹೆಚ್ಚು ಬಿದ್ದಿರುತ್ತವೆ, ಮೂಟೆಯ ತಳದಲ್ಲಿ ಒಂದಿಷ್ಟು ಅಂಟಿರುತ್ತದೆ. ಅಲ್ಲಿ 35 ಹೋಯಿತು. ಉಳಿದದ್ದು 55. ಸಕ್ಕರೆಯನ್ನು ಬಿಡಲಾಗುವುದಿಲ್ಲ, ಗಿರಾಕಿ ಬರುವುದೇ ಅದಕ್ಕೆ. ಆದರೆ ಅರ್ಧ, ಒಂದು ಕೆ.ಜಿ. ಪೊಟ್ಟಣಗಳನ್ನು ಬಿಡುವಿನ ಹೊತ್ತಿನಲ್ಲಿ ಸರಿಯಾಗಿ ತೂಗಿಟ್ಟರೆ ಆ 35ರಲ್ಲಿ ಹೆಚ್ಚಿನದು ಉಳಿಯುತ್ತದೆ. ಒಂದು ತಿಂಗಳು ಸಕ್ಕರೆ, ಮುಂದಿನ ತಿಂಗಳು ಬೇಳೆ, ಆಮೇಲೆ ಬಿಡಿ ಎಣ್ಣೆ ಹೀಗೆ ನೋಡುತ್ತ ಹೋಗಿ.

6. ನಿಮ್ಮ ಕೂಲಿ ಹಿಡಿಯಿರಿ.
ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಒಂಬತ್ತಕ್ಕೆ ಮುಚ್ಚುವವರ ದುಡಿಮೆಗೆ ಬೆಲೆ ಇಲ್ಲವೇ? ಹೊರಗೆ ಕೆಲಸಕ್ಕೆ ಹೋಗಿದ್ದರೆ ಒಬ್ಬರಿಗೆ 15,000 ಬರುತ್ತಿತ್ತು ಎಂದಿಟ್ಟುಕೊಂಡರೂ ಅಂಗಡಿ ಅದರ ಮೇಲೆ ಗಳಿಸಿದ್ದು 4,000. ಮಧ್ಯಾಹ್ನವೆಲ್ಲ ಗಲ್ಲಾದಲ್ಲಿ ಕೂರುವ ಹೆಂಡತಿಯ ಕೂಲಿ ಇದರಲ್ಲಿ ಸೇರಿಲ್ಲ. ಸೇರಿಸಿದರೆ ಲೆಕ್ಕ ನಷ್ಟಕ್ಕೆ ತಿರುಗಬಹುದು, ಅದನ್ನು ಮುಚ್ಚಿಡುವುದು ಅವರಿಗೆ ಮಾಡುವ ಅನ್ಯಾಯ. ಅಂಗಡಿ ಸ್ವಂತ ಕಟ್ಟಡದಲ್ಲಿದ್ದರೆ, ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದ ಬಾಡಿಗೆಯನ್ನೂ ಹೀಗೆಯೇ ಹಿಡಿಯಬೇಕು.

7. ಅಂಗಡಿಯ ಯುಪಿಐ ಬೇರೆ, ಮನೆಯದು ಬೇರೆ ಇರಲಿ.
2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಆಧಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಮಗ ಕಳಿಸಿದ ಹಣವೂ ಗಿರಾಕಿ ಕೊಟ್ಟ ಹಣವೂ ಒಂದೇ ಖಾತೆಯಲ್ಲಿದ್ದವರಿಗೆ ವಿವರ ಕೊಡುವುದು ಕಷ್ಟವಾಯಿತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ಅದು ಲಾಭದ ಮಿತಿಯಲ್ಲ, ಮಾರಾಟದ್ದು.

ನಮ್ಮ ಅಂಗಡಿಯ ಮಾರಾಟ ಇದೇ ಲೆಕ್ಕದಲ್ಲಿ ವರ್ಷಕ್ಕೆ 38,40,000. ತಿಂಗಳಿಗೆ ಹದಿನಾಲ್ಕು ಸಾವಿರ ಹೆಚ್ಚಾದರೆ ಮಿತಿ ದಾಟುತ್ತದೆ. ಕಾಂಪೋಸಿಷನ್ ಪದ್ಧತಿ ಆರಿಸಿಕೊಂಡರೆ ತೆರಿಗೆ ಬೀಳುವ ಮಾಲಿನ ಮಾರಾಟದ ಮೇಲೆ ನೂರಕ್ಕೆ ಒಂದು ರೂಪಾಯಿ ಕಟ್ಟಬೇಕು. ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆಯೂ ವಾಪಸ್ ಸಿಗದು. ಮಾಲೆಲ್ಲ ತೆರಿಗೆಯದೇ ಆದರೆ ತಿಂಗಳಿಗೆ 3,200ಕ್ಕೂ ಹೆಚ್ಚು. ಕೂಲಿ ಕಳೆದು ಉಳಿದ 4,000ದಲ್ಲಿ ಹೆಚ್ಚಿನದು ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಮಾರಾಟ ಹೆಚ್ಚಿಸಲು ಹೊರಡುವ ಮೊದಲು ಐದನೇ ಸೂತ್ರದ 5,500 ಸೋರಿಕೆಯನ್ನು ಹಿಡಿಯಿರಿ.