ವೀಸಾ ಸಂದರ್ಶನದ ದಿನ ಮೀಟಿಂಗ್ ಯಾರು ನೋಡ್ಕೋತಾರೆ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೀಮ್ ಲೀಡ್. ಅಮೆರಿಕದಲ್ಲಿರುವ ಅಕ್ಕನ ಮನೆಗೆ ಅಮ್ಮನನ್ನು ಕರೆದುಕೊಂಡು ಹೋಗಬೇಕೆಂದು ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿದ್ದೇವೆ. ಚೆನ್ನೈನಲ್ಲಿ ದಿನಾಂಕ ಸಿಕ್ಕಿದೆ. ಸೋಮವಾರ ಮಧ್ಯಾಹ್ನ ಬೆರಳಚ್ಚು, ಮಂಗಳವಾರ ಬೆಳಿಗ್ಗೆ 9.30ಕ್ಕೆ ಸಂದರ್ಶನ. ಆ ಮಂಗಳವಾರವೇ ಬೆಳಿಗ್ಗೆ ಸ್ಟ್ಯಾಂಡ್‌ಅಪ್, 11 ಗಂಟೆಗೆ ಸಿಂಗಪುರದ ಕ್ಲೈಂಟ್ ಕಾಲ್, ಮಧ್ಯಾಹ್ನ ಹೊಸಬರ ಇಂಟರ್‌ವ್ಯೂ, ಸಂಜೆ ಡೆಮೊ ಇದೆ. ‘ಮಂಗಳವಾರ ಅರ್ಧ ದಿನ ರಜೆ ಕೊಡಿ ಸರ್, ಕ್ಲೈಂಟ್ ಕಾಲ್‌ಗೆ ಫೋನಲ್ಲೇ ಸೇರ್ಕೋತೀನಿ’ ಎಂದು ಕೇಳೋಣವೆಂದಿದ್ದೇನೆ. ಅಮೆರಿಕ ಅಂದ ಕೂಡಲೇ ಬೇರೆ ಕೆಲಸ ಹುಡುಕುತ್ತಿದ್ದೇನೆ ಎಂದು ಮ್ಯಾನೇಜರ್ ತಿಳಿದಾರು ಅನ್ನುವ ಅಳುಕೂ ಇದೆ. ಹೇಗೆ ಹೇಳಲಿ?

— ಟೀಮ್ ಲೀಡ್, ಬೆಂಗಳೂರು

ಉತ್ತರ: ಮೊದಲು ಆ ‘ಫೋನಲ್ಲೇ ಸೇರ್ಕೋತೀನಿ’ ಅನ್ನುವ ಮಾತನ್ನು ಬಿಟ್ಟುಬಿಡಿ. ಚೆನ್ನೈನ ಅಣ್ಣಾ ಸಾಲೈನಲ್ಲಿರುವ ಅಮೆರಿಕನ್ ಕಾನ್ಸುಲೇಟ್‌ನೊಳಗೆ ಮೊಬೈಲ್, ಲ್ಯಾಪ್‌ಟಾಪ್ ಯಾವುದನ್ನೂ ಬಿಡುವುದಿಲ್ಲ. 9.30 ಎಂದರೆ ಒಳಗೆ ಹೋಗುವ ಸಾಲಿಗೆ ನಿಲ್ಲುವ ಹೊತ್ತು. ಅಧಿಕಾರಿಯ ಜೊತೆ ಮಾತು ಕೆಲವೇ ನಿಮಿಷಗಳಲ್ಲಿ ಮುಗಿಯಬಹುದು, ಆದರೆ ತಪಾಸಣೆ ಮತ್ತು ಸಾಲುಗಳು ಎಷ್ಟು ಹೊತ್ತು ಹಿಡಿಯುತ್ತವೆ ಎಂದು ಯಾರೂ ಹೇಳಲಾರರು. ಹೊರಗೆ ಬಂದು, ರೂಮಿಗೆ ಹೋಗಿ, ಫೋನ್ ಕೈಗೆ ಸಿಗುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಆಮೇಲೆ ಅಮ್ಮನ ಜೊತೆ ಊರಿಗೆ ಹೊರಡಬೇಕು. ಬರುತ್ತೇನೆ ಎಂದು ಹೇಳಿ 11 ಗಂಟೆಗೆ ನೀವು ಸಿಗದೇ ಹೋದರೆ ಮ್ಯಾನೇಜರ್‌ಗೆ ಬದಲಿ ವ್ಯವಸ್ಥೆ ಮಾಡಿಕೊಳ್ಳುವ ಸಮಯವೂ ಉಳಿಯುವುದಿಲ್ಲ. ಸೋಮವಾರ, ಮಂಗಳವಾರ ಎರಡೂ ದಿನ ಪೂರ್ತಿ ರಜೆ ಕೇಳಿ.

ಇದನ್ನು ಅನಾರೋಗ್ಯದ ರಜೆ ಎಂದು ಹಾಕುವ ಯೋಚನೆ ಬೇಡ. ಉದ್ಯೋಗ ದೃಢೀಕರಣ ಪತ್ರ ಕೇಳಲು ನೀವು ಹೇಗೂ ಎಚ್‌ಆರ್ ಬಳಿಗೆ ಹೋಗುತ್ತೀರಿ. ಎಷ್ಟೋ ಕಂಪನಿಗಳಲ್ಲಿ ಆ ಕೋರಿಕೆ ಮ್ಯಾನೇಜರ್ ಒಪ್ಪಿಗೆಗೇ ಬರುತ್ತದೆ. ವೀಸಾ ವಿಷಯ ಅವರಿಗೆ ಮೊದಲು ಗೊತ್ತಾಗುವುದು ನಿಮ್ಮ ಬಾಯಿಂದಲೇ ಆಗಲಿ, ಎಚ್‌ಆರ್ ಮೇಲ್‌ನಿಂದ ಬೇಡ. ಕೆಲಸ ಹುಡುಕುತ್ತಿದ್ದೀರಿ ಎಂಬ ಅನುಮಾನ ಹುಟ್ಟುವುದೂ ಹೆಚ್ಚಾಗಿ ಹೀಗೆ ವಿಷಯ ಅರ್ಧಂಬರ್ಧ ಕಿವಿಗೆ ಬಿದ್ದಾಗಲೇ. ‘ಅಕ್ಕನ ಮನೆಗೆ, ಪ್ರವಾಸಿ ವೀಸಾ’ ಎಂದರೆ ಸಾಕು. ಆ ವೀಸಾದಲ್ಲಿ ಅಲ್ಲಿ ಕೆಲಸ ಮಾಡುವಂತಿಲ್ಲ ಎಂಬುದು ಐಟಿ ಕಂಪನಿಯ ಯಾವ ಮ್ಯಾನೇಜರ್‌ಗೂ ಗೊತ್ತಿರುವ ಸಂಗತಿ. ಅದಕ್ಕಿಂತ ಹೆಚ್ಚಿನ ವಿವರಣೆ ಕೊಡಲು ಹೋಗಬೇಡಿ.

ಇನ್ನೊಂದು ವಿಷಯವನ್ನು ಈಗಲೇ ಬೇರ್ಪಡಿಸಿ. ಸಂದರ್ಶನಕ್ಕೆ ಹೋಗುವ ರಜೆ ಒಂದು, ಅಮೆರಿಕಕ್ಕೆ ಹೋಗುವ ರಜೆ ಇನ್ನೊಂದು. ಎರಡನ್ನೂ ಒಂದೇ ಉಸಿರಿಗೆ ಹೇಳಿದರೆ ಮ್ಯಾನೇಜರ್ ಕಿವಿಗೆ ಬೀಳುವುದು ಅಮೆರಿಕದ ಉದ್ದನೆಯ ರಜೆ ಮಾತ್ರ. ವೀಸಾ ಕೈಗೆ ಬರುವ ತನಕ ಟಿಕೆಟ್ ಕೊಳ್ಳಬೇಡಿ ಎಂದು ರಾಯಭಾರ ಕಚೇರಿಯೇ ಹೇಳುತ್ತದೆ. ಹಾಗಾಗಿ ಪ್ರಯಾಣದ ದಿನಾಂಕ ಇನ್ನೂ ತೀರ್ಮಾನವಾಗಿಲ್ಲ ಎನ್ನುವುದು ನಿಜವಾದ ಮಾತು, ಹಾಗೆಯೇ ಹೇಳಿ.

ಈಗ ಮೀಟಿಂಗ್‌ಗಳ ವಿಷಯ. ‘ನಾನಿಲ್ಲದಾಗ ಇವರು ನೋಡ್ಕೋತಾರೆ’ ಎಂದು ಒಬ್ಬರ ಹೆಸರು ಕೊಟ್ಟರೆ ವ್ಯವಸ್ಥೆಯಾಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಅಷ್ಟು ಸಾಲದು. ಪ್ರತಿ ಮೀಟಿಂಗಿನಲ್ಲೂ ನೀವು ಮಾಡುವ ಕೆಲಸ ಏನು ಎಂದು ನೋಡಿ. ಕೇಳಿಸಿಕೊಳ್ಳುವುದೋ, ವರದಿ ಹೇಳುವುದೋ, ತೀರ್ಮಾನ ಕೊಡುವುದೋ? ಬರೀ ಕೇಳಿಸಿಕೊಳ್ಳುವುದಾದರೆ ಯಾರನ್ನೂ ಕಳಿಸಬೇಕಾಗಿಲ್ಲ, ಟಿಪ್ಪಣಿ ತರಿಸಿಕೊಂಡರಾಯಿತು. ವರದಿಯನ್ನು ಬರೆದುಕೊಟ್ಟರೆ ಇನ್ನೊಬ್ಬರು ಹೇಳಬಲ್ಲರು. ತೀರ್ಮಾನ ಕೊಡುವುದಿದ್ದರೆ ಮಾತ್ರ, ಯಾವುದಕ್ಕೆ ಹೂಂ ಅನ್ನಬಹುದು, ಯಾವುದಕ್ಕೆ ಕೂಡದು ಎಂಬುದನ್ನು ಬದಲಿಗೆ ಬರುವವರಿಗೆ ಸ್ಪಷ್ಟವಾಗಿ ಹೇಳಿರಬೇಕು.

ನಿಮ್ಮ ಮಂಗಳವಾರವನ್ನೇ ಹೀಗೆ ಬಿಡಿಸಿ ನೋಡೋಣ. ಸ್ಟ್ಯಾಂಡ್‌ಅಪ್ ಹದಿನೈದು ನಿಮಿಷದ್ದು, ತಂಡದ ಹಿರಿಯ ಡೆವಲಪರ್ ನಡೆಸಲಿ. ಡೆಮೊವನ್ನು ಗುರುವಾರಕ್ಕೆ ಹಾಕಬಹುದು, ಆದರೆ ಹಾಕಿದ್ದೇನೆ ಎನ್ನಬೇಡಿ, ಹಾಕಬಹುದೇ ಎಂದು ಕೇಳಿ. ಡೆಮೊ ನೋಡುವವರಲ್ಲಿ ನಿಮ್ಮ ಮ್ಯಾನೇಜರ್‌ಗಿಂತ ಮೇಲಿನವರೂ ಇರಬಹುದು, ಅದು ಗೊತ್ತಿರುವುದು ಮ್ಯಾನೇಜರ್‌ಗೆ. ಹೊಸಬರ ಇಂಟರ್‌ವ್ಯೂ ವಿಷಯವನ್ನು ಬೇಗ ತೀರ್ಮಾನಿಸಿ, ಏಕೆಂದರೆ ಆ ಕಡೆ ಇರುವವರೂ ತಮ್ಮ ಕಚೇರಿಗೆ ರಜೆ ಹಾಕಿ ಬರುತ್ತಿರಬಹುದು. ದಿನ ಬದಲಿಸುವುದಕ್ಕಿಂತ ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಲು ಎಚ್‌ಆರ್‌ಗೆ ಹೇಳುವುದು ಮೇಲು.

ಉಳಿದದ್ದು ಕ್ಲೈಂಟ್ ಕಾಲ್. ನಿಜವಾದ ಯೋಚನೆ ಬೇಕಾಗಿರುವುದು ಇದೊಂದಕ್ಕೇ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ, ನಮ್ಮ 11 ಅವರಿಗೆ 1.30. ಸಂಜೆಗೆ ಜರುಗಿಸಿದರೆ ಅವರ ಕಚೇರಿ ಹೊತ್ತು ಮುಗಿದಿರುತ್ತದೆ, ಆದ್ದರಿಂದ ಆ ದಿನವೇ ಬೇರೆ ಸಮಯ ಸಿಗುವುದು ಕಷ್ಟ. ಆ ಕೆಲಸವನ್ನು ದಿನವೂ ಕೈಯಲ್ಲಿ ಹಿಡಿದಿರುವ ಸಹೋದ್ಯೋಗಿ ಒಬ್ಬರು ಕೂರಲಿ. ಬಾಕಿ ಇರುವ ದೋಷಗಳ ಸ್ಥಿತಿಯನ್ನು ಅವರು ಹೇಳಬಹುದು, ಸಣ್ಣಪುಟ್ಟ ಬದಲಾವಣೆಗಳನ್ನು ಬರೆದುಕೊಳ್ಳಬಹುದು. ಬಿಡುಗಡೆಯ ದಿನಾಂಕದ ಬಗ್ಗೆ ಮಾತು ಬಂದರೆ ‘ಬುಧವಾರ ಮಧ್ಯಾಹ್ನದೊಳಗೆ ತಿಳಿಸುತ್ತೇವೆ’ ಎಂದಷ್ಟೇ ಹೇಳಬೇಕು. ದಿನಾಂಕದ ಚರ್ಚೆ ಬಂದೇ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅಷ್ಟರ ಮಟ್ಟಿಗೆ ಕಾಲ್‌ಗೆ ಬರುತ್ತೀರಾ ಎಂದು ಮ್ಯಾನೇಜರನ್ನೇ ಕೇಳಿ. ಬದಲಿಗೆ ಬರುವವರನ್ನು ನೀವು ಮೊದಲು ಖಾಸಗಿಯಾಗಿ ಕೇಳಿ ಒಪ್ಪಿಸಿರಬೇಕು. ಮ್ಯಾನೇಜರ್ ಕಳಿಸಿದ ಮೇಲ್‌ನಲ್ಲಿ ತನ್ನ ಹೆಸರು ಕಂಡು ಗಾಬರಿಯಾಗುವ ಸ್ಥಿತಿ ಯಾರಿಗೂ ಬರಬಾರದು.

ಹೇಳುವ ಕ್ರಮ ಹೀಗಿರಲಿ. ದಿನಾಂಕ ಸಿಕ್ಕ ದಿನವೇ, ತಪ್ಪಿದರೆ ಮರುದಿನ, ಎರಡು ನಿಮಿಷ ಎದುರಾ ಎದುರು ಮಾತಾಡಿ. ಅದೇ ಸಂಜೆ ಒಂದು ಮೇಲ್ ಹಾಕಿ. ನೀವು ಇಂಗ್ಲಿಷ್‌ನಲ್ಲೇ ಬರೆಯುತ್ತೀರಿ ಎಂದು ಬಲ್ಲೆ, ಆದರೂ ಧಾಟಿ ಇದಿರಲಿ:

‘ಸರ್, ಬೆಳಿಗ್ಗೆ ಹೇಳಿದಂತೆ ನನಗೂ ಅಮ್ಮನಿಗೂ ಚೆನ್ನೈನಲ್ಲಿ ಪ್ರವಾಸಿ ವೀಸಾ ಸಂದರ್ಶನ ಇದೆ. ಸೋಮವಾರ, ಮಂಗಳವಾರ ಎರಡು ದಿನ ರಜೆ ಬೇಕಾಗಿದೆ. ಮಂಗಳವಾರ ಬೆಳಿಗ್ಗೆಯಿಂದ ಮಧ್ಯಾಹ್ನ 2ರ ತನಕ ನನ್ನ ಬಳಿ ಫೋನ್ ಇರುವುದಿಲ್ಲ, ಒಳಗೆ ಬಿಡುವುದಿಲ್ಲ. 11 ಗಂಟೆಯ ಕ್ಲೈಂಟ್ ಕಾಲ್‌ಗೆ ಬದಲಿಗೆ ಕೂರಲು ಸಹೋದ್ಯೋಗಿ ಒಪ್ಪಿದ್ದಾರೆ. ಶುಕ್ರವಾರ ಅವರಿಗೆ ಎಲ್ಲ ವಿವರ ಕೊಡುತ್ತೇನೆ. ಬಿಡುಗಡೆ ದಿನಾಂಕದ ಬಗ್ಗೆ ಅವರು ಮಾತು ಕೊಡುವುದಿಲ್ಲ, ಬುಧವಾರ ನಾನೇ ಉತ್ತರಿಸುತ್ತೇನೆ. ಡೆಮೊವನ್ನು ಗುರುವಾರ ಸಂಜೆಗೆ ಹಾಕಬಹುದೇ? ಬೇರೆ ವ್ಯವಸ್ಥೆ ಬೇಕೆನಿಸಿದರೆ ಈ ವಾರದೊಳಗೆ ತಿಳಿಸಿದರೆ ಸರಿಮಾಡುತ್ತೇನೆ.’

ಇದರಲ್ಲಿ ಮ್ಯಾನೇಜರ್ ತೀರ್ಮಾನಿಸಬೇಕಾದದ್ದು ರಜೆಯ ಒಪ್ಪಿಗೆ ಮತ್ತು ಡೆಮೊ ದಿನ ಎರಡೇ. ಹಾಗಿದ್ದಾಗ ಉತ್ತರ ಬೇಗ ಬರುತ್ತದೆ. ಒಪ್ಪಿಗೆ ಬಂದ ಮೇಲಷ್ಟೇ ಕ್ಯಾಲೆಂಡರ್ ಮುಟ್ಟಿ. ನೀವು ಕರೆದ ಮೀಟಿಂಗ್‌ಗಳಿಗೆ ಬದಲಿಯವರನ್ನು ಸಹ-ಆಯೋಜಕರನ್ನಾಗಿ ಮಾಡುವುದನ್ನು ಮರೆಯಬೇಡಿ. ಝೂಮ್ ಆದರೆ ಪರ್ಯಾಯ ಹೋಸ್ಟ್ ಎಂದು ಸೇರಿಸಬೇಕು. ಇಲ್ಲವಾದರೆ ಕ್ಲೈಂಟ್ ಕಾಯುವ ಕೋಣೆಯಲ್ಲೇ ಕುಳಿತಿರುತ್ತಾರೆ, ಒಳಗೆ ಬಿಡುವ ಅಧಿಕಾರ ಇರುವ ನೀವು ಫೋನಿಲ್ಲದೆ ಸಾಲಿನಲ್ಲಿ ನಿಂತಿರುತ್ತೀರಿ.

ಪ್ರಶ್ನೆ: ರಜೆಗೆ ಮ್ಯಾನೇಜರ್ ಒಪ್ಪಿದ್ದರು. ಈಗ ಅದೇ ದಿನ ವಿದೇಶದಿಂದ ದೊಡ್ಡವರು ಬರುತ್ತಾರೆ, ‘ವೀಸಾ ದಿನ ಮುಂದಕ್ಕೆ ಹಾಕಿಸಿಕೊಳ್ಳಿ, ಆನ್‌ಲೈನಲ್ಲಿ ತಾನೇ’ ಎನ್ನುತ್ತಿದ್ದಾರೆ. ನನ್ನದೂ ಅಮೆರಿಕದ ವೀಸಾ. ಒಂದು ಸಲ ಆಗಲೇ ದಿನ ಬದಲಿಸಿದ್ದೇನೆ. ಏನು ಮಾಡಲಿ?

— ಮೈಸೂರು

ಉತ್ತರ: ಅವರು ಹೇಳಿದಷ್ಟು ಸಲೀಸಲ್ಲ. 2025ರ ಜನವರಿ 1ರಿಂದ ಭಾರತದಲ್ಲಿ ಅರ್ಜಿದಾರರು ಶುಲ್ಕವಿಲ್ಲದೆ ದಿನಾಂಕ ಬದಲಿಸಬಹುದಾದದ್ದು ಒಂದೇ ಸಲ. ಅದು ನಿಮಗೆ ಮುಗಿದಿದೆ. ಇನ್ನೊಮ್ಮೆ ಬದಲಿಸಬೇಕಾದರೆ, ಅಥವಾ ಆ ದಿನ ಹೋಗದೇ ಇದ್ದರೆ, ಮತ್ತೆ ಶುಲ್ಕ ಕಟ್ಟಿ ಹೊಸದಾಗಿ ದಿನಾಂಕ ಹಿಡಿಯಬೇಕು. ಪ್ರವಾಸಿ ವೀಸಾಕ್ಕೆ ಅದು 185 ಡಾಲರ್, ಕಟ್ಟಿದ್ದು ಹಿಂದಕ್ಕೆ ಬರುವುದಿಲ್ಲ. ದುಡ್ಡಿಗಿಂತ ದೊಡ್ಡ ಪೆಟ್ಟೆಂದರೆ ಮುಂದಿನ ದಿನಾಂಕ ತಿಂಗಳುಗಟ್ಟಲೆ ಆಚೆಗೆ ಹೋಗಬಹುದು.

ನಿಮ್ಮ ಮ್ಯಾನೇಜರ್‌ಗೆ ಈ ನಿಯಮ ಗೊತ್ತಿಲ್ಲದಿರಬಹುದು, ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಇದನ್ನು ಶಾಂತವಾಗಿ ಹೇಳಿ, ದಿನಾಂಕ ದೃಢೀಕರಿಸಿದ ಹಾಳೆಯನ್ನು ತೋರಿಸಿ. ಕೂಡಲೇ ಮಾತನ್ನು ಅತಿಥಿಗಳ ಕಡೆ ತಿರುಗಿಸಿ. ಬಂದವರ ಮುಂದೆ ನೀವು ಹೇಳಬೇಕಾದದ್ದು ಎಷ್ಟು ಹೊತ್ತಿನದು, ಅದು ಹಿಂದಿನ ದಿನ ಆಗುತ್ತದೆಯೇ, ಸಂಜೆಯ ಊಟದ ಹೊತ್ತಿಗೆ ನೀವು ಬಂದು ಸೇರಿದರೆ ಸಾಕೇ ಎಂದು ವಿಚಾರಿಸಿ. ಪ್ರಾತ್ಯಕ್ಷಿಕೆಯನ್ನು ಮೊದಲೇ ರೆಕಾರ್ಡ್ ಮಾಡಿಕೊಟ್ಟು, ಬರುವ ಪ್ರಶ್ನೆಗಳಿಗೆ ಮರುದಿನ ನೀವೇ ಉತ್ತರಿಸುವುದು ಎಷ್ಟೋ ಕಡೆ ನಡೆಯುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ ಒತ್ತಾಯ ಬಂದರೆ, ಒಪ್ಪಿಕೊಂಡಿದ್ದ ರಜೆಯನ್ನು ಹಿಂತೆಗೆದುಕೊಳ್ಳುತ್ತಿರುವುದಾಗಿ ಮೇಲ್‌ನಲ್ಲೇ ತಿಳಿಸುವಂತೆ ಕೇಳಿ, ಎಚ್‌ಆರ್ ಜೊತೆ ಮಾತಾಡಿ. ಹೊಸ ಶುಲ್ಕವನ್ನು ಕಂಪನಿ ಭರಿಸುತ್ತದೆಯೇ ಎಂದು ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಪ್ರಶ್ನೆ: ಅಮೆರಿಕದ ವೀಸಾ ಸಂದರ್ಶನ ಮುಗಿದ ಮೇಲೆ ಪಾಸ್‌ಪೋರ್ಟ್ ತರಲು ಮತ್ತೆ ಚೆನ್ನೈಗೆ ಹೋಗಬೇಕೆ? ಇನ್ನೊಂದು ರಜೆ ಈಗಲೇ ಕೇಳಿಡಲೇ?

— ತುಮಕೂರು

ಉತ್ತರ: ಬೇಡ. ಅರ್ಜಿಯ ಖಾತೆಯಲ್ಲಿ ಪಾಸ್‌ಪೋರ್ಟ್ ಪಡೆಯುವ ಸ್ಥಳವನ್ನು ಬೆಂಗಳೂರು ಎಂದು ಆರಿಸಿಕೊಂಡರೆ ಒಂದು ಬೆಳಗಿನ ಕೆಲಸ. ಶುಲ್ಕ ಕೊಟ್ಟು ಮನೆಗೇ ತರಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಆದರೆ ಮ್ಯಾನೇಜರ್‌ಗೆ ಒಂದು ಮಾತು ಹೇಳಿಡಿ. ವೀಸಾ ಕೊಟ್ಟರೆ ಅದನ್ನು ಅಂಟಿಸಲು ಪಾಸ್‌ಪೋರ್ಟನ್ನು ಅಲ್ಲೇ ಇಟ್ಟುಕೊಳ್ಳುತ್ತಾರೆ, ಕೆಲವು ದಿನ ನಿಮ್ಮ ಕೈಯಲ್ಲಿ ಇರುವುದಿಲ್ಲ. 221(ಜಿ) ಎಂಬ ಚೀಟಿ ಕೊಟ್ಟು ಇನ್ನಷ್ಟು ದಾಖಲೆ ಕೇಳಿದರೆ ಅಥವಾ ಪರಿಶೀಲನೆಗೆ ಇಟ್ಟರೆ ಎಷ್ಟು ದಿನ ಎಂದು ಹೇಳಲಾಗದು. ಆ ಅವಧಿಯಲ್ಲಿ ಕಂಪನಿಯ ಕೆಲಸಕ್ಕೆ ವಿದೇಶಕ್ಕೆ ಹೊರಡುವವರ ಪಟ್ಟಿಯಲ್ಲಿ ನಿಮ್ಮ ಹೆಸರು ಹಾಕದಂತೆ ಮೊದಲೇ ಕೇಳಿಕೊಳ್ಳಿ.